9 ದಿನದ ಪತ್ರಿಕೆ ಸಿಗಲಿಲ್ಲ, ಮಿತಿಗಳ ಭಾಗದಲ್ಲಿ ಏನಂತ ಬರೆಯಲಿ?

ಎಂ.ಎ. ಕೊನೆಯ ಸೆಮಿಸ್ಟರ್, ವಿಜಯಪುರ

2019ರ ನೆರೆಯ ವರದಿಗಾರಿಕೆ ಮೇಲೆ ನನ್ನ ಡಿಸರ್ಟೇಷನ್. ಎರಡು ಕನ್ನಡ ಪತ್ರಿಕೆಗಳ ಬಾಗಲಕೋಟೆ ಪುಟಗಳನ್ನು ಆಗಸ್ಟ್ 1ರಿಂದ ಅಕ್ಟೋಬರ್ 31ರವರೆಗೆ ನೋಡಿದೆ. 240 ಸುದ್ದಿ ಸಿಕ್ಕವು. 156ರಲ್ಲಿ ಮೊದಲು ಮಾತಾಡುವವರು ಅಧಿಕಾರಿ ಇಲ್ಲವೇ ಜನಪ್ರತಿನಿಧಿ, ಅಂದರೆ 65%. ಆದರೆ ಎರಡನೇ ಪತ್ರಿಕೆಯ 9 ದಿನದ ಸಂಚಿಕೆ ಲೈಬ್ರರಿ ಫೈಲಿನಲ್ಲಿ ಇಲ್ಲ. ಪ್ರತಿ ಸುದ್ದಿ ಓದಿ ಯಾರು ಮೊದಲು ಮಾತಾಡಿದರು ಅಂತ ಗುರುತು ಹಾಕುವ ಕೋಡಿಂಗ್ ಮಾಡಿದ್ದೂ ನಾನೊಬ್ಬಳೇ. ಇದನ್ನೆಲ್ಲ ಬರೆದರೆ ವೈವಾದಲ್ಲಿ "ಹಾಗಾದ್ರೆ ನಿನ್ನ ಫಲಿತಾಂಶಕ್ಕೆ ಏನು ಬೆಲೆ?" ಅಂತಾರೆ. ಬಚ್ಚಿಡೋಕೆ ಮನಸ್ಸು ಒಪ್ಪುತ್ತಿಲ್ಲ. ಬರೆದು ಪಾರಾದವರು ಹೇಳಿ.

ಜಮಖಂಡಿಯಿಂದ, ಎರಡು ವರ್ಷದ ಹಿಂದೆ ಮುಗಿಸಿದವನು

ತಂಗಿ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. "ಸಮಯದ ಅಭಾವ, ಹಣದ ಅಭಾವ, ಎರಡೇ ಪತ್ರಿಕೆ, ಒಂದೇ ಜಿಲ್ಲೆ." ನಾನು ಇಷ್ಟೇ ನಾಲ್ಕು ಸಾಲು ಬರೆದಿದ್ದೆ. ವೈವಾ ಹತ್ತು ನಿಮಿಷದಲ್ಲಿ ಮುಗಿಯಿತು. 9 ದಿನದ ವಿಷಯ ಹೇಳು, ಆದರೆ ಕೂಡಲೇ ಲೆಕ್ಕವನ್ನೂ ಕೊಡು. ಒಟ್ಟು 92 ದಿನ, ಅದರಲ್ಲಿ 9 ಇಲ್ಲ. ಹತ್ತರಲ್ಲಿ ಒಂದು ಪಾಲು, ಅದೂ ಒಂದೇ ಪತ್ರಿಕೆಯದು. ದೊಡ್ಡ ವಿಷಯವೇ ಅಲ್ಲ.

ಬೆಳಗಾವಿಯಿಂದ, ಪತ್ರಿಕೋದ್ಯಮ ಪಾಠ ಮಾಡುವವರು

ಲೆಕ್ಕ ಕೊಡಬೇಕು ಅನ್ನೋದು ಸರಿ. ಆದರೆ ಸಮಯದ ಅಭಾವ ಅನ್ನೋದು ಮಿತಿ ಅಲ್ಲ, ಅದು ನಿಮ್ಮ ಕಷ್ಟ. ಆ ಕಷ್ಟದಿಂದ ಡೇಟಾಗೆ ಏನಾಯಿತು ಅನ್ನೋದು ಮಿತಿ. "ಒಂದೇ ಜಿಲ್ಲೆ" ಅನ್ನೋದೂ ಹಾಗೇ. ನೀವು ಬಾಗಲಕೋಟೆ ಬಗ್ಗೆ ಮಾತ್ರ ಮಾತಾಡಿದ್ದರೆ ಅದು ಅಧ್ಯಯನದ ವ್ಯಾಪ್ತಿ. ಮೊದಲ ಅಧ್ಯಾಯದಲ್ಲೇ ಹೇಳಿ ಬಿಟ್ಟುಬಿಡಿ. ಕೊನೆಗೆ ಬಂದು ಅದಕ್ಕೆ ಕ್ಷಮೆ ಕೇಳೋದು ಯಾಕೆ?

ಉತ್ತರ ಕೊಡುವ ಮೊದಲು ನನಗೆ ಎರಡು ವಿಷಯ ಬೇಕಮ್ಮ. ಆ 9 ದಿನ ಯಾವುವು? ಪತ್ರಿಕೆವಾರು ಅಂಕಿ ಎಷ್ಟು?

ಬಾಗಲಕೋಟೆಯಿಂದ, ವರದಿಗಾರ

ಹಳೇ ಪೇಪರ್ ಬೇಕಿದ್ದರೆ ಪತ್ರಿಕೆಯ ಕಚೇರಿಯಲ್ಲೇ ಕೇಳಿ ನೋಡ್ರೀ. ಇ-ಪೇಪರ್ ಹುಡುಕುವುದಾದರೆ ಒಂದು ಎಚ್ಚರ ಇರಲಿ. ಕೆಲವು ಕಡೆ ಮುಖ್ಯ ಆವೃತ್ತಿ ಮಾತ್ರ ಇಟ್ಟಿರುತ್ತಾರೆ, ಜಿಲ್ಲೆಯ ಪುಟ ಇರೋದಿಲ್ಲ. ಬೇರೆ ಆವೃತ್ತಿಯ ಪುಟ ತಂದು ಇದರ ಜೊತೆ ಸೇರಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಮಾತು, ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತೇನೆ. ಈ ಥರದ ಪ್ರಬಂಧಗಳಲ್ಲಿ ಕೊನೆಗೆ "ಪತ್ರಿಕೆಗಳು ಸಂತ್ರಸ್ತರ ದನಿ ಅಡಗಿಸಿದವು" ಅಂತ ಇರುತ್ತದೆ. ಆ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ತುಂಬಿ ಬಂದಿದ್ದವು. ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತ್ತು. ನಾನು ಊರೊಳಗೆ ಹೋಗೋದು ಹೇಗೆ? ರಸ್ತೆ ಇರಲಿಲ್ಲ, ಅಲ್ಲಿದ್ದವರ ಮೊಬೈಲ್‌ಗೆ ಚಾರ್ಜ್ ಇರಲಿಲ್ಲ. ತಹಶೀಲ್ದಾರ್ ಕಚೇರಿಗೆ ಫೋನ್ ಮಾಡಿ ಸುದ್ದಿ ಬರೆದೆ. ಅಡಗಿಸಲಿಕ್ಕೆ ಅಲ್ಲ.

ಎಂ.ಎ. ಕೊನೆಯ ಸೆಮಿಸ್ಟರ್, ವಿಜಯಪುರ

ಸರ್, ನಿಮ್ಮ ಮಾತು ಓದಿ ನಾಲಿಗೆ ಕಚ್ಚಿಕೊಂಡೆ. ನನ್ನ ಚರ್ಚೆಯ ಅಧ್ಯಾಯದಲ್ಲಿ ಹೆಚ್ಚು ಕಡಿಮೆ ಅದೇ ಸಾಲಿದೆ.

ಮೇಡಂ, ಇಲ್ಲದಿರೋದು ಆಗಸ್ಟ್ 6ರಿಂದ 14. ಆ ವಾರ ಪತ್ರಿಕೆಯ ಬಂಡಲ್ ಬರಲೇ ಇಲ್ಲ ಅಂತ ಲೈಬ್ರರಿಯವರು ಹೇಳಿದರು. ಮೊದಲ ಪತ್ರಿಕೆಯಲ್ಲಿ 130 ಸುದ್ದಿ, 80ರಲ್ಲಿ ಅಧಿಕಾರಿಗಳೇ ಮೊದಲು. ಎರಡನೆಯದರಲ್ಲಿ 110ಕ್ಕೆ 76. ಹಾಗಾಗಿ "ಎರಡನೇ ಪತ್ರಿಕೆ ಅಧಿಕಾರಿಗಳನ್ನು ಹೆಚ್ಚು ನೆಚ್ಚಿದೆ" ಅನ್ನೋದು ನನ್ನ ಇನ್ನೊಂದು ಫಲಿತಾಂಶ.

ಜಮಖಂಡಿಯಿಂದ

ಸರಿ, ಲೆಕ್ಕ ಹಾಕೋಣ. ಎರಡನೇ ಪತ್ರಿಕೆ 83 ದಿನಕ್ಕೆ 110 ಸುದ್ದಿ, ದಿನಕ್ಕೆ ಒಂದೂಕಾಲು ಚಿಲ್ಲರೆ. 9 ದಿನಕ್ಕೆ ಸುಮಾರು 12. ಆ ಹನ್ನೆರಡೂ ಸುದ್ದಿಯಲ್ಲಿ ಜನರೇ ಮೊದಲು ಮಾತಾಡಿದ್ದು ಅಂದುಕೊಂಡರೂ 252ಕ್ಕೆ 156, ಅಂದರೆ 62%. 65 ಇದ್ದದ್ದು 62 ಆಯ್ತು. ನಾನು ಹೇಳಲಿಲ್ವಾ?

ಬೆಳಗಾವಿಯಿಂದ

ಹಾದಿ ಸರಿಯಾಗಿದೆ, ಆದರೆ ಸರಾಸರಿ ಹಿಡಿದದ್ದು ತಪ್ಪು. ಕಳೆದುಹೋದ ದಿನಗಳು ಎಲ್ಲೆಲ್ಲೋ ಚದುರಿದ್ದರೆ ಸರಾಸರಿ ನಡೆಯುತ್ತಿತ್ತು. ಇವು ನೆರೆ ಜೋರಾಗಿದ್ದ ದಿನಗಳು. ಪತ್ರಿಕೆ ಬಾರದಿದ್ದಕ್ಕೆ ನೆರೆಯೇ ಕಾರಣ. ಅಂದರೆ ನೀವು ಅಳೆಯಲು ಹೊರಟ ವಿಷಯವೇ ನಿಮ್ಮ ಡೇಟಾವನ್ನು ತಿಂದಿದೆ. ವೈವಾದಲ್ಲಿ ಬಲ್ಲವರಿದ್ದರೆ ಇಲ್ಲೇ ಹಿಡಿಯುತ್ತಾರೆ. ಅದೇ 9 ದಿನಗಳಲ್ಲಿ ಮೊದಲ ಪತ್ರಿಕೆಯಲ್ಲಿ ಎಷ್ಟು ಸುದ್ದಿ ಇತ್ತು?

ಎಂ.ಎ. ಕೊನೆಯ ಸೆಮಿಸ್ಟರ್

ಎಣಿಸಿದೆ. 36.

ಬೆಳಗಾವಿಯಿಂದ

ಹಾಗಾದರೆ ಎರಡನೇ ಪತ್ರಿಕೆಯಲ್ಲೂ 36 ಇದ್ದವು ಅಂತ ಇಟ್ಟುಕೊಳ್ಳಿ. ಈಗ ನಿಮಗೆ ತೀರಾ ವಿರುದ್ಧವಾದ ಊಹೆ ಮಾಡಿ. ಆ 36ರಲ್ಲಿ ಒಂದರಲ್ಲೂ ಅಧಿಕಾರಿ ಮೊದಲು ಮಾತಾಡಿಲ್ಲ. ಆಗ 276ಕ್ಕೆ 156, ಅಂದರೆ 56.5%. ಇನ್ನೊಂದು ತುದಿಯಲ್ಲಿ ಎಲ್ಲದರಲ್ಲೂ ಅಧಿಕಾರಿಯೇ ಮೊದಲು ಅಂದುಕೊಂಡರೆ 192, ಅಂದರೆ 69.6%. ಯಾವ ಕಡೆ ಎಳೆದರೂ ಅರ್ಧಕ್ಕಿಂತ ಹೆಚ್ಚು ಸುದ್ದಿಯಲ್ಲಿ ಅಧಿಕಾರಿಗಳೇ ಮೊದಲು. ನಿಮ್ಮ ಮುಖ್ಯ ಫಲಿತಾಂಶ ಉಳಿಯಿತು.

ಇದೇ ಲೆಕ್ಕವನ್ನು ಎರಡನೇ ಫಲಿತಾಂಶಕ್ಕೆ ಹಾಕಿ ನೋಡಿ. ಈಗ ಮೊದಲ ಪತ್ರಿಕೆ 61.5%, ಎರಡನೆಯದು 69.1%. ವಿರುದ್ಧದ ಊಹೆಯಲ್ಲಿ ಎರಡನೆಯದು 146ಕ್ಕೆ 76, ಅಂದರೆ 52%. ಯಾರು ಹೆಚ್ಚು ನೆಚ್ಚಿದ್ದಾರೆ ಅನ್ನೋದೇ ತಿರುಗಿ ಬಿತ್ತು. ಜಮಖಂಡಿಯವರ 12ನ್ನೇ ಹಿಡಿದರೂ 62.3 ಆಗುತ್ತದೆ, ವ್ಯತ್ಯಾಸ ಒಂದು ಅಂಶಕ್ಕೂ ಕಡಿಮೆ.

ಅಂದರೆ ಒಂದೇ ಮಿತಿ ಒಂದು ಫಲಿತಾಂಶವನ್ನು ಮುಟ್ಟಲೇ ಇಲ್ಲ, ಇನ್ನೊಂದನ್ನು ಕೆಡವಿತು. ಎಲ್ಲ ಮಿತಿಗಳನ್ನೂ ಕೊನೆಗೆ ಒಂದೇ ಪಟ್ಟಿಯಲ್ಲಿ ಹಾಕಿದರೆ ಇದು ಕಾಣುವುದಿಲ್ಲ. ಓದುವವರು ಎಲ್ಲದರ ಮೇಲೂ ಒಂದೇ ಅನುಮಾನ ಪಡುತ್ತಾರೆ. ನೀವು ಹೆದರುತ್ತಿರೋದೂ ಅದಕ್ಕೇ ಅಲ್ವಾ? ಹೀಗೆ ಬರೆಯಬಹುದು:

"ಎರಡನೇ ಪತ್ರಿಕೆಯ ಆಗಸ್ಟ್ 6ರಿಂದ 14ರವರೆಗಿನ ಸಂಚಿಕೆಗಳು ಸಿಗಲಿಲ್ಲ. ಇವು ನೆರೆ ತೀವ್ರವಾಗಿದ್ದ ದಿನಗಳು. ಅದೇ ದಿನಗಳಲ್ಲಿ ಮೊದಲ ಪತ್ರಿಕೆಯಲ್ಲಿ 36 ಸುದ್ದಿಗಳಿದ್ದವು. ಅಷ್ಟೇ ಸುದ್ದಿ ಇಲ್ಲಿಯೂ ಇದ್ದವು ಎಂದು ಭಾವಿಸಿದರೆ, ಅಧಿಕಾರಿಗಳು ಮೊದಲು ಮಾತಾಡುವ ಸುದ್ದಿಗಳ ಪಾಲು 56.5 ಮತ್ತು 69.6%ರ ನಡುವೆ ಇರುತ್ತದೆ. ಆದ್ದರಿಂದ ಅವು ಅರ್ಧಕ್ಕಿಂತ ಹೆಚ್ಚು ಎಂಬ ಫಲಿತಾಂಶ ನಿಲ್ಲುತ್ತದೆ. ಎರಡು ಪತ್ರಿಕೆಗಳ ನಡುವಿನ ವ್ಯತ್ಯಾಸದ ಬಗ್ಗೆ ಈ ಅಧ್ಯಯನ ಏನನ್ನೂ ಹೇಳಲಾಗದು."

ಕೊನೆಯ ಸಾಲು ಬರೆಯುವಾಗ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಬರೆಯಿರಿ. ಸಾರಾಂಶದಲ್ಲೂ ಆ ಹೋಲಿಕೆಯನ್ನು ತೆಗೆಯಿರಿ. ಮಿತಿಯಲ್ಲಿ ಒಪ್ಪಿಕೊಂಡು ಸಾರಾಂಶದಲ್ಲಿ ಹಾಗೇ ಬಿಟ್ಟವರನ್ನು ಬಹಳ ನೋಡಿದ್ದೇನೆ.

ಇನ್ನು ಚರ್ಚೆ. ವರದಿಗಾರರು ಹೇಳಿದ ರಸ್ತೆಯ ಮಾತನ್ನು ಸಿಟ್ಟು ಅಂತ ತಳ್ಳಬೇಡಿ. ಅದು ನಿಮ್ಮ 65%ಕ್ಕೆ ಇನ್ನೊಂದು ಕಾರಣ ಇರಬಹುದು ಅನ್ನೋ ವಾದ. ಅದನ್ನು ಪರೀಕ್ಷಿಸಲು ನಿಮ್ಮ ಹತ್ತಿರವೇ ಸಾಮಾನಿದೆ. ಸುದ್ದಿಗಳನ್ನು ತಿಂಗಳುವಾರು ಬಿಡಿಸಿ. ಸೆಪ್ಟೆಂಬರ್ ಹೊತ್ತಿಗೆ ಜನರನ್ನು ಹೋಗಿ ಮಾತಾಡಿಸಬಹುದಿತ್ತು. ಆಗಲೂ ಅಧಿಕಾರಿಗಳ ಪಾಲು ಇಳಿದಿಲ್ಲ ಅಂದರೆ ಬರೀ ರಸ್ತೆಯ ಕಾರಣ ಸಾಲದು. ಇಳಿದಿದ್ದರೆ ಅವರ ಮಾತಿಗೆ ಬಲ ಬರುತ್ತದೆ. ಎರಡೂ ಬರೆಯಬಹುದಾದ ವಿಷಯವೇ. "ಅಡಗಿಸಿದವು" ಅನ್ನೋದು ಮಾತ್ರ ಬೇಡ. ಮುದ್ರಿತ ಪುಟ ನೋಡಿ ಬರೆದವರ ಮನಸ್ಸು ಹೇಳೋಕಾಗಲ್ಲ, ಓದಿದವರ ಮೇಲೆ ಏನಾಯಿತು ಅಂತಲೂ ಹೇಳೋಕಾಗಲ್ಲ.

ಮಾಧ್ಯಮ ಯಾವುದಕ್ಕೆ ಒತ್ತು ಕೊಡುತ್ತದೋ ಜನ ಅದನ್ನೇ ಮುಖ್ಯ ಅಂದುಕೊಳ್ಳುತ್ತಾರೆ ಅನ್ನೋ ಅಜೆಂಡಾ ಸೆಟಿಂಗ್ ಸಿದ್ಧಾಂತ ಎಲ್ಲರೂ ಓದಿರುತ್ತೀರಿ. ಅದನ್ನು ಮೊದಲು ಅಳೆದ ಮ್ಯಾಕ್‌ಕೂಂಬ್ಸ್ ಮತ್ತು ಶಾ ಅಮೆರಿಕದ 1968ರ ಚುನಾವಣೆಯಲ್ಲಿ ಮಾತಾಡಿಸಿದ್ದು ಚಾಪೆಲ್ ಹಿಲ್ ಅನ್ನೋ ಒಂದೇ ಊರಿನ 100 ಮತದಾರರನ್ನು, ಅದೂ ಇನ್ನೂ ಯಾರಿಗೆ ಮತ ಅಂತ ಗಟ್ಟಿ ಮಾಡದವರನ್ನು. 1972ರ ಲೇಖನದಲ್ಲಿ ಅವರೇ ಹೇಳಿದ್ದಾರೆ: ಮಾಧ್ಯಮದ ಒತ್ತಿಗೂ ಮತದಾರರ ಮಾತಿಗೂ ಕಂಡ ಸಹಸಂಬಂಧದಿಂದ ಮಾಧ್ಯಮವೇ ಅಜೆಂಡಾ ಹೊಂದಿಸುತ್ತದೆ ಅಂತ ಸಾಬೀತಾಗಲ್ಲ, ಹಾಗೆ ಆಗುತ್ತಿದ್ದರೆ ಏನು ಕಾಣಬೇಕೋ ಅದು ಕಂಡಿದೆ ಅಷ್ಟೇ. ಯಾವುದು ಮೊದಲು, ಯಾವುದು ನಂತರ ಅಂತ ನೋಡಲು 1972ರ ಚುನಾವಣೆಯಲ್ಲಿ ಷಾರ್ಲಟ್‌ನಲ್ಲಿ ಅದೇ ಜನರನ್ನು ಮತ್ತೆ ಮತ್ತೆ ಮಾತಾಡಿಸಿದರು. ಮಿತಿ ಒಪ್ಪಿಕೊಂಡಿದ್ದಕ್ಕೆ ಆ ಲೇಖನ ಯಾರೂ ಮೂಲೆಗೆ ಹಾಕಲಿಲ್ಲ.

ಬಾಗಲಕೋಟೆಯಿಂದ, ವರದಿಗಾರ

ಸೆಪ್ಟೆಂಬರ್‌ನಲ್ಲಿ ಪರಿಹಾರದ ಚೆಕ್ಕಿನ ಸುದ್ದಿಯೇ ಜಾಸ್ತಿ ಇತ್ತು. ಅದಕ್ಕೆ ಅಧಿಕಾರಿ ಮಾತು ಬೇಕೇ ಬೇಕಲ್ರೀ. ವಿಷಯವೇ ಬದಲಾದರೆ ತಿಂಗಳ ಹೋಲಿಕೆ ಹೇಗೆ ನಡೆಯುತ್ತದೆ?

ಬೆಳಗಾವಿಯಿಂದ

ಒಳ್ಳೆಯ ಪ್ರಶ್ನೆ. ಪರಿಹಾರದ ಸುದ್ದಿ ಬೇರೆ ಮಾಡಿ ಉಳಿದವನ್ನು ಹೋಲಿಸಬೇಕಾದೀತು. ಆಗ ಸಂಖ್ಯೆ ತೀರಾ ಸಣ್ಣದಾದರೆ "ನಮ್ಮ ಡೇಟಾ ಇದನ್ನು ತೀರ್ಮಾನಿಸಲಾರದು" ಅಂತ ಬರೆಯೋದೇ ದಾರಿ.

ಕಲಬುರಗಿಯಲ್ಲಿ ಪಿಎಚ್‌ಡಿ, ಊರು ಇಂಡಿ

ಒಬ್ಬಳೇ ಕೋಡಿಂಗ್ ಮಾಡಿದ್ದರ ಬಗ್ಗೆ ಯಾರೂ ಮಾತಾಡಲಿಲ್ಲ. ಅದು ಈಗಲೂ ಸರಿಮಾಡಬಹುದಾದ ವಿಷಯ. ಸರಿಮಾಡೋ ಸಮಯ ಇರುವಾಗಲೇ ಅದನ್ನು ಮಿತಿ ಅಂತ ಬರೆಯೋದು ಸೋಮಾರಿತನ. ಗೆಳತಿಯೊಬ್ಬಳಿಗೆ ಗುರುತು ಹಾಕುವ ನಿಯಮಗಳಿರೋ ಕೋಡ್ ಪುಸ್ತಕ ಕೊಡಿ. ಚೀಟಿ ಎತ್ತಿ 40 ಸುದ್ದಿ ಆರಿಸಿ, ನಿಮ್ಮ ಗುರುತು ಕಾಣದ ಪ್ರತಿಯಲ್ಲಿ ಅವಳು ಮಾಡಲಿ. ಬರೀ "ನೂರಕ್ಕೆ ಇಷ್ಟು ಹೊಂದಿತು" ಅಂದರೆ ಸಾಲದು. ಹೆಚ್ಚಿನವು ಅಧಿಕಾರಿ ಸುದ್ದಿಗಳೇ ಆದ್ದರಿಂದ ಕಣ್ಣು ಮುಚ್ಚಿ ಗುರುತು ಹಾಕಿದರೂ ಬಹಳಷ್ಟು ಹೊಂದುತ್ತವೆ. ಹಾಗೆ ಆಕಸ್ಮಿಕವಾಗಿ ಹೊಂದಿದ್ದನ್ನು ಕಳೆದು ಇಬ್ಬರ ಒಪ್ಪಿಗೆ ಅಳೆಯುವ ಕ್ರಿಪೆನ್‌ಡಾರ್ಫ್ ಆಲ್ಫಾ ಲೆಕ್ಕ ಹಾಕಿ. 0.80 ದಾಟಿದರೆ ನಿಶ್ಚಿಂತೆ, 0.667ಕ್ಕಿಂತ ಕೆಳಗೆ ಬಂದರೆ ಆ ಅಂಶವನ್ನು ನೆಚ್ಚಬೇಡಿ.

ನನ್ನದೇ ಕಥೆ ಕೇಳಿ. ಯಾರು ಮೊದಲು ಮಾತಾಡಿದರು ಅನ್ನೋದು 0.84 ಬಂತು. ಸುದ್ದಿಯ ಧಾಟಿ ಒಳ್ಳೆಯದೋ ಕೆಟ್ಟದ್ದೋ ಅನ್ನೋದು 0.58. "ಗ್ರಾಮಸ್ಥರು ಅಳಲು ತೋಡಿಕೊಂಡರು" ಅನ್ನೋದು ನನಗೆ ಸರ್ಕಾರದ ಟೀಕೆ, ಗೆಳೆಯನಿಗೆ ಬರೀ ವರದಿ. ಧಾಟಿಯ ಕೋಷ್ಟಕವನ್ನು ಫಲಿತಾಂಶದಿಂದ ತೆಗೆದೆ. 0.58 ಬಂತು ಅನ್ನೋದನ್ನು ಮಾತ್ರ ವಿಧಾನದ ಅಧ್ಯಾಯದಲ್ಲಿ ಇಟ್ಟೆ.

ಬೆಳಗಾವಿಯಿಂದ

ನಾನಾಗಿದ್ದರೆ ಕೋಷ್ಟಕವನ್ನು ಅನುಬಂಧದಲ್ಲಾದರೂ ಇಡುತ್ತಿದ್ದೆ. ಓದುವವರು ನೋಡಲಿ.

ಕಲಬುರಗಿಯಲ್ಲಿ ಪಿಎಚ್‌ಡಿ

ಇಟ್ಟರೆ ಯಾರಾದರೂ ಅದನ್ನೇ ಎತ್ತಿ ಉಲ್ಲೇಖಿಸುತ್ತಾರೆ ಮೇಡಂ. ನಾನು ಒಪ್ಪಲ್ಲ.

ಎಂ.ಎ. ಕೊನೆಯ ಸೆಮಿಸ್ಟರ್, ವಿಜಯಪುರ

ಹೋಲಿಕೆಯ ಫಲಿತಾಂಶ ತೆಗೆದೆ. ಗೈಡ್ ಕೇಳಿದ್ದು ಒಂದೇ: "ಹಾಗಾದ್ರೆ ಶೀರ್ಷಿಕೆಯಲ್ಲಿರೋ 'ತೌಲನಿಕ ಅಧ್ಯಯನ' ಏನ್ ಮಾಡ್ತೀಯವ್ವಾ?" ಶೀರ್ಷಿಕೆ ನೋಂದಣಿಯಾಗಿ ಆರು ತಿಂಗಳಾಯಿತು. ಅದನ್ನು ಬದಲಿಸಿದವರು ಯಾರಾದರೂ ಇದ್ದೀರಾ?