ಮೊದಲಕ್ಷರ ಕೂಡಿಸಿದರೂ ವಾಕ್ಯ ಆಗ್ತಿಲ್ಲ, ಬಿಡಿಸಿ ಪಳಗಿದವರು ಅನುಭವ ಹೇಳಿ

ಅರ್ಧಗೆರೆ: ಎಂಟು ಸುಳಿವು. ಉತ್ತರಗಳ ಮೊದಲಕ್ಷರ ಮೇಲಿಂದ ಕೆಳಕ್ಕೆ ಓದಿದರೆ ಗುಪ್ತ ಸಂದೇಶ ಬರಬೇಕು. ಆವರಣದಲ್ಲಿರೋದು ಅಕ್ಷರ ಸಂಖ್ಯೆ.

1. ಸಕ್ಕರೆಯ ತವರು, ಗೆಣ್ಣುಳ್ಳ ಹುಲ್ಲು (2)
2. ಕೈಗೆ ಸಿಗದೆ ಹರಿದಾಡುವ ಲೋಹ (4)
3. ನೆಲದ ಮೇಲೇ ಮೊಟ್ಟೆಯಿಡುವ ಗದ್ದಲದ ಹಕ್ಕಿ (3)
4. ಗರಿಗೆದರಿ ಕುಣಿಯುವ ಹಕ್ಕಿ (3)
5. ಬೇರು ಗೀರಿದರೆ ಒಸರುವ ಘಾಟಿನ ಅಂಟು (2)
6. ಇರುಳಲ್ಲಿ ಹೆದರಿಸುವುದು (2)
7. ಕಣ್ಣಿನ ಕೆಲಸ (2)
8. ಒಂಟೆಯ ಬೆನ್ನ ಮೇಲಿನದು (2)

ನನಗೆ ಸಿಕ್ಕಿದ್ದು: ಕಬ್ಬು, ಪಾದರಸ, ಮೂರನೆಯದು ಖಾಲಿ, ಮಯೂರ, ಇಂಗು, ದೆವ್ವ, ನೋಟ, ಗೂನು. ಸಂಖ್ಯೆ ಎಲ್ಲಾ ಸರಿಹೋಗಿದೆ, ಆದರೆ ‘ಕಪಾ–ಮಇಂದೆನೋಗೂ’ ಅಂದರೆ ಏನು? ಎಲ್ಲಿ ತಪ್ಪಿದೆ?

ಮೂಲಾಕ್ಷರ: ಕಾಗುಣಿತ ಹಿಡ್ಕೊಂಡು ಕೂತರೆ ಹೀಗೇ ಆಗೋದು. ಗುಣಿತ, ಒತ್ತು, ಸೊನ್ನೆ ಎಲ್ಲಾ ಕಳಚಿ ಬರೀ ಮೂಲಾಕ್ಷರ ಓದಿ. ಕ, ಪ ಬಂತು. ಮೂರನೆಯದು ಟ ಆದರೆ ‘ಕಪಟ’. ನೆಲದ ಮೇಲೆ ಮೊಟ್ಟೆಯಿಡುವ ಗದ್ದಲದ ಹಕ್ಕಿ ಟಿಟ್ಟಿಭ, ಮೂರೇ ಅಕ್ಷರ, ಕೂತಿತಲ್ಲ! ಬಂಧ ಕಟ್ಟುವವರಿಗೆ ಪ್ರತಿ ಗುಣಿತಕ್ಕೂ ಪದ ಹುಡುಕೋದು ಕಷ್ಟ, ಅದಕ್ಕೇ ಎಷ್ಟೋ ಬಂಧಗಳಲ್ಲಿ ಮೂಲಾಕ್ಷರವಷ್ಟೇ ಲೆಕ್ಕ. ನಾನು ಬಿಡಿಸೋದು ಈ ದಾರಿಯಲ್ಲೇ, ಬದಲಾಯಿಸೋದೂ ಇಲ್ಲ.

ತಲೆಕೆಳಗು: ಟಿಟ್ಟಿಭ ಸರಿ, ಕಾರಣ ತಪ್ಪು. ಕಪಟ ಆದಮೇಲೆ ನಿಮ್ಮ ದಾರಿಯಲ್ಲಿ ಉಳಿಯೋದು ಮ, ಇ, ದ, ನ, ಗ. ಅದನ್ನು ಓದಿ ತೋರಿಸಿ. ಗುಣಿತ ಕಳಚಿದರೆ ‘ನಡ’ ಅಂತ ಬಂದದ್ದು ನಾಡು, ನೋಡು, ನೀಡು, ನಡೆ ಯಾವುದೂ ಆಗಬಹುದು. ಏನು ಬೇಕಾದರೂ ಓದಿಸಿಕೊಳ್ಳುವ ಸಾಲಿನಿಂದ ಉತ್ತರ ಪರೀಕ್ಷೆ ಮಾಡೋಕೆ ಆಗಲ್ಲ.

ಸಾಲಿನ ಬಾಲ ಹಿಡಿದು ಮೇಲಕ್ಕೆ ಬನ್ನಿ. ಇಂಥ ಸಂದೇಶ ಸಾಮಾನ್ಯವಾಗಿ ಏನೋ ಮಾಡು ಅಂತ ಹೇಳುತ್ತೆ, ಕನ್ನಡದಲ್ಲಿ ಆ ಮಾತು ಕೂರೋದು ಕೊನೆಯಲ್ಲಿ. ‘ನೋ’ ಹಿಂದೆ ‘ಗೂ’ ನಿಲ್ಲಲ್ಲ, ‘ಡು’ ನಿಲ್ಲುತ್ತೆ: ನೋಡು. ಹಾಗಾದರೆ ಎಂಟನೆಯದು ಡು‌-ಇಂದ ಶುರುವಾಗುವ ಎರಡಕ್ಷರ, ಡುಬ್ಬ. ಗೂನು ಅರ್ಥದಲ್ಲಿ ತಪ್ಪಲ್ಲ, ಅಕ್ಷರವೂ ಎರಡೇ, ಅದಕ್ಕೇ ಮೋಸ ಹೋದದ್ದು.

ಆರನೆಯದು ದೆ, ಐದನೆಯದರಲ್ಲಿ ಸೊನ್ನೆ ಇದೆ. ‘ನೋಡು’ ಮುಂಚೆ ‘–ಂದೆ’ ಅಂದರೆ ಹಿಂದೆ ಅಥವಾ ಮುಂದೆ. ಇಂಗಿಗೆ ಹಿಂಗು ಅನ್ನೋ ರೂಪ ಇದೆ, ಹಾಗಾಗಿ ‘ಹಿಂದೆ ನೋಡು’. ಈಗ ವ್ಯಾಕರಣ ಕೆಲಸ ಮಾಡುತ್ತೆ. ಯಾವುದರ ಹಿಂದೆ? ಷಷ್ಠಿ ಬೇಕು, ಅಂದರೆ ನಾಲ್ಕನೆಯ ಅಕ್ಷರ ನ, ದ, ಯ, ರ ಇವುಗಳಲ್ಲಿ ಒಂದಾಗಿರೋ ಸಂಭವವೇ ಹೆಚ್ಚು, ಮ ಅಂತೂ ಅಲ್ಲ. ಕುಣಿಯುವ ಹಕ್ಕಿ ನ‌-ಇಂದ, ಮೂರಕ್ಷರ: ನವಿಲು. ಈಗ ‘ಕಪಾ–ನ ಹಿಂದೆ ನೋಡು’. ಟಿಟ್ಟಿಭದ ಟಿ ಹಾಕಿ: ಕಪಾಟಿನ ಹಿಂದೆ ನೋಡು. ಟ ಅಲ್ಲ ಸ್ವಾಮಿ, ಟಿ.

ಮೂಲಾಕ್ಷರ: ಹಕ್ಕಿ ಹಿಡಿದು ಕೊಟ್ಟದ್ದು ನನ್ನ ದಾರಿ. ಅದನ್ನೇ ಇಟ್ಕೊಂಡು ನನಗೇ ಪಾಠ ಹೇಳ್ತೀರಲ್ಲ.

ಸುಳಿವೇಮೊದಲು: ತಲೆಕೆಳಗು ಅವರೇ, ಈ ಸಲ ಸರಿಹೋಯಿತು ಅಂತ ಹೊಸಬರಿಗೆ ಇದನ್ನೇ ಕಲಿಸಬೇಡಿ. ಸಂದೇಶ ಮೊದಲು ಊಹಿಸಿ ಉತ್ತರ ಆಮೇಲೆ ತುರುಕಿದರೆ, ಊಹೆ ಒಂದಕ್ಷರ ತಪ್ಪಿದರೂ ಸರಿಯಿದ್ದ ಉತ್ತರವನ್ನೇ ಅಳಿಸಬೇಕಾಗುತ್ತೆ. ‘–ಂದೆ’ ನೋಡಿ ‘ಮುಂದೆ’ ಅಂತ ಪಟ್ಟು ಹಿಡಿದಿದ್ದರೆ? ಮುಂ‌-ಇಂದ ಶುರುವಾಗುವ ಅಂಟು ಹುಡುಕ್ತಾ ಇಡೀ ಸಂಜೆ ಹೋಗ್ತಿತ್ತು.

ನನ್ನ ಕ್ರಮ ನಿಧಾನ, ಕಾಗದ ಜಾಸ್ತಿ ಹಿಡಿಯುತ್ತೆ, ಆದರೆ ಅಳಿಸೋ ಕೆಲಸ ಇಲ್ಲ. ಪ್ರತಿ ಸುಳಿವಿನ ಮುಂದೆ ಅಕ್ಷರ ಸಂಖ್ಯೆಗೆ ಹೊಂದುವ ಸಮಾನಾರ್ಥಕ ಎಲ್ಲಾ ಬರೆದಿಡಿ. 4ಕ್ಕೆ ಮಯೂರ, ನವಿಲು. 6ಕ್ಕೆ ದೆವ್ವ, ಭೂತ, ಪ್ರೇತ. 7ಕ್ಕೆ ನೋಟ, ದೃಷ್ಟಿ. 8ಕ್ಕೆ ಗೂನು, ಡುಬ್ಬ. ಬೇರೆ ಪದವೇ ಹೊಳೆಯದ ಸುಳಿವಿಗೆ ಮಾತ್ರ ಶಾಯಿ. ಇಲ್ಲಿ ಅಂಥವು ಕಬ್ಬು, ಪಾದರಸ ಎರಡೇ. ಉಳಿದದ್ದೆಲ್ಲ ಪೆನ್ಸಿಲ್. ಅರ್ಧಗೆರೆಯವರು ಎಡವಿದ್ದು ಇಲ್ಲೇ, ಏಳನ್ನೂ ಒಂದೇ ತೂಕದಲ್ಲಿ ನಂಬಿದರು.

ತಲೆಕೆಳಗು: ನಿಮ್ಮ ಪಟ್ಟಿಯಲ್ಲಿ ಟಿಟ್ಟಿಭ ಎಲ್ಲಿದೆ? ಹಿಂಗು ಎಲ್ಲಿದೆ? ಗೊತ್ತಿಲ್ಲದ ಪದ ಪಟ್ಟಿಗೆ ಬರೋದೇ ಇಲ್ಲ. ಅದನ್ನು ಎಳೆದು ತರೋದು ಸಂದೇಶವೇ. ಊಹೆ ತಪ್ಪಿದರೆ ತಿಳಿಯೋ ಗುರುತೂ ಇದೆ: ಊಹಿಸಿದ ಅಕ್ಷರದಿಂದ ಸುಳಿವಿಗೂ ಸಂಖ್ಯೆಗೂ ಒಟ್ಟಿಗೆ ಹೊಂದುವ ಪದ ಹುಟ್ಟದಿದ್ದರೆ ಆ ಊಹೆಯನ್ನು ಅಲ್ಲೇ ಬಿಡಬೇಕು.

ಚೌಕದಾಳು: ಯಾರೂ ಕೆಳಗಿನ ಸಂಖ್ಯೆ ಹಾಕಿದ ಚೌಕಗಳ ಮಾತೇ ಎತ್ತಿಲ್ಲವಲ್ಲ. ಎಲಿಜಬೆತ್ ಕಿಂಗ್ಸ್‌ಲಿ 1934ರಲ್ಲಿ ಪತ್ರಿಕೆಯಲ್ಲಿ ಶುರುಮಾಡಿದ ಬಗೆಯಲ್ಲಿ ಉತ್ತರದ ಪ್ರತಿ ಅಕ್ಷರವೂ ಒಂದು ಚೌಕಕ್ಕೆ ಹೋಗಿ ಅಲ್ಲೊಂದು ಉದ್ಧರಣೆ ಮೂಡುತ್ತೆ, ಮೊದಲಕ್ಷರಗಳಲ್ಲಿ ಬರೆದವರ ಹೆಸರೂ ಕೃತಿಯ ಹೆಸರೂ ಸಿಗುತ್ತೆ. ಹಾಗಾಗಿ ಮಯೂರವೋ ನವಿಲೋ ಅನ್ನೋದು ಚೌಕದಲ್ಲೇ ತೀರ್ಮಾನ. ಮೊದಲು ಚೌಕ ತುಂಬಿಸಿ.

ಅರ್ಧಗೆರೆ: ನನ್ನದರಲ್ಲಿ ಚೌಕಗಳೇ ಇಲ್ಲ, ಸುಳಿವಷ್ಟೇ.

ಚೌಕದಾಳು: ಹಾಗಿದ್ದರೆ ಅದು ಅರ್ಧ ಬಂಧ. ಎರಡನೇ ತಾಳೆ ಇಲ್ಲದ್ದನ್ನು ನಾನು ಮುಟ್ಟಲ್ಲ.

ಬಂಧಗಾತಿ: ಕಟ್ಟುವವರ ಕಡೆಯಿಂದ ಒಂದು ಮಾತು, ಬಿಡಿಸುವವರು ಇದನ್ನು ಬಳಸಿಕೊಳ್ಳೋದೇ ಇಲ್ಲ. ಪೂರ್ತಿ ಕಾಗುಣಿತ ಲೆಕ್ಕಕ್ಕಿರುವ ಬಂಧದಲ್ಲಿ, ಯಾವ ಅಕ್ಷರದಿಂದ ಪದ ಶುರುವಾಗಲ್ಲವೋ ಅದು ಸಂದೇಶದಲ್ಲೂ ಬರೋ ಹಾಗಿಲ್ಲ. ಈಗಿನ ಕನ್ನಡದಲ್ಲಿ ಳ, ಣ ಪದದ ಮೊದಲಿಗೆ ಬರಲ್ಲ. ಕ್ಕ, ತ್ತ, ಲ್ಲ ಥರದ ಒತ್ತೂ ಬರಲ್ಲ. ಆದ್ದರಿಂದ ಜಾಗ ಹೇಳುವ ಸಂದೇಶದಲ್ಲಿ ಒಳಗೆ, ಕೆಳಗೆ, ಪಕ್ಕ, ಹತ್ತಿರ, ಇಲ್ಲಿ, ಅಲ್ಲಿ ಒಂದೂ ಇರೋಕೆ ಸಾಧ್ಯವಿಲ್ಲ. ಉಳಿಯೋದು ಹಿಂದೆ, ಮುಂದೆ, ಮೇಲೆ, ಬದಿ ಇಂಥ ಕೆಲವೇ. ಇಷ್ಟು ಗೊತ್ತಿದ್ದರೆ ಊಹೆ ಕುರುಡು ಅಲ್ಲ. ‘ಕಪಾ–’ ನೋಡಿ ಯಾರಾದರೂ ‘ಕಪಾಳ’ ಅಂದುಕೊಂಡರೆ ಅದೂ ಅಲ್ಲೇ ಬಿತ್ತು, ಳ‌-ಇಂದ ಹಕ್ಕಿ ಹುಡುಕೋದು ಬೇಡ.

ಸುಳಿವೇಮೊದಲು: ‘ಕಪಾಲದ’ ಆಗಬಹುದಲ್ಲ?

ಬಂಧಗಾತಿ: ಅದಕ್ಕೆ ಮೂರನೆಯದು ಲ, ನಾಲ್ಕನೆಯದು ದ. ದ‌-ಇಂದ ಗರಿಗೆದರಿ ಕುಣಿಯುವ ಮೂರಕ್ಷರದ ಹಕ್ಕಿ ಹೇಳಿ, ಒಪ್ಪುತ್ತೇನೆ.

ಸುಳಿವೇಮೊದಲು: ಅದಿರಲಿ, ಹಿಂಗು ನ್ಯಾಯವೇ? ಜನ ಆಡೋದು ಇಂಗು. ಸಂಸ್ಕೃತ ರೂಪ ಬೇಕಿದ್ದರೆ ಸುಳಿವಿನಲ್ಲೇ ಸೂಚನೆ ಕೊಡಬೇಕಿತ್ತು. ಎರಡು ರೂಪಕ್ಕೂ ಅಕ್ಷರ ಎರಡೇ ಇರುವಾಗ ಬಿಡಿಸುವವರಿಗೆ ಯಾವ ಆಧಾರ? ಇದು ಕಟ್ಟಿದವರ ಸೋಮಾರಿತನ.

ಬಂಧಗಾತಿ: ಹಿಂ‌-ಇಂದಲೇ ಬೇಕು ಅಂದಾಗ ಎಷ್ಟು ಪದ ಇವೆ, ಎಣಿಸಿ ನೋಡಿ ಆಮೇಲೆ ಸೋಮಾರಿ ಅನ್ನಿ. ಹಿಂಸೆ, ಹಿಂಡು ಇವೆ. ಅವನ್ನು ಹಾಕಿದ್ದರೆ ಒಳ್ಳೆಯದಿತ್ತು ಅಂತ ನಾನೂ ಒಪ್ಪುತ್ತೇನೆ, ಆದರೆ ನಿಘಂಟಿನಲ್ಲಿರೋ ಪದ ಅನ್ಯಾಯ ಆಗಲ್ಲ.

ಮೂಲಾಕ್ಷರ: ಇಷ್ಟೆಲ್ಲಾ ಜಗಳ ಒಂದು ಸೊನ್ನೆಗೆ! ಮೊದಲಕ್ಷರ ಅಂದರೆ ಹಿ, ಸೊನ್ನೆ ಬೇರೆ. ‘ಹಿದೆ ನೋಡು’ ಅಂತ ಓದಿ ಈಗ.

ತಲೆಕೆಳಗು: ಸೊನ್ನೆ ತನ್ನ ಅಕ್ಷರದ ಜೊತೆಗೇ ಎಣಿಕೆಯಾಗುತ್ತೆ. ಬೇರೆ ಎಣಿಸಿದರೆ ಹಿಂಗು ಮೂರಕ್ಷರ ಆಗಬೇಕು, ಆವರಣದಲ್ಲಿ 2 ಇದೆ.

ಸುಳಿವೇಮೊದಲು: ಇಂಗು ಅಂದರೂ 2. ನನ್ನ ತಕರಾರು ಅಲ್ಲೇ ಇದೆ.