ಒಂದೇ ಫೋಟೋದಲ್ಲಿ ಶೋ ಹುಂಜ: ಎಷ್ಟು ನಂಬಬಹುದು?

ಸಿದ್ದಾಪುರದಿಂದ ಕೇಳಿದ್ದು: ರೋಡ್ ಐಲ್ಯಾಂಡ್ ರೆಡ್ ಹುಂಜ, ಹತ್ತು ತಿಂಗಳದ್ದು. ಶೋ ಕ್ವಾಲಿಟಿ ಅಂತ 6,000 ರೂಪಾಯಿ ಹೇಳ್ತಿದ್ದಾರೆ. ವಾಟ್ಸಾಪ್‌ನಲ್ಲಿ ಬಂದಿರೋದು ಒಂದೇ ಫೋಟೋ, ಎಡಗಡೆಯಿಂದ, ಕಾಫಿ ಕಣದ ಮೇಲೆ ನಿಲ್ಲಿಸಿ ತೆಗೆದಿದ್ದು. ಜುಟ್ಟು, ಕತ್ತಿನ ಗರಿ, ಬಾಲ, ನಿಲುವು ನೋಡಿ ಹೇಳ್ತೀರಾ? ನಾಳೆ ಅಡ್ವಾನ್ಸ್ ಕೊಡ್ಬೇಕು.

ಗೋಣಿಕೊಪ್ಪಲು: ಜುಟ್ಟಿನ ಹಲ್ಲು ಎಣಿಸಿ ಸರ್. ನನಗೆ ಆರು ಕಾಣ್ತಿದೆ. ಸ್ಟ್ಯಾಂಡರ್ಡ್‌ನಲ್ಲಿ ಐದೇ ಇರ್ಬೇಕು. ಆರಿದ್ರೆ ಶೋನಲ್ಲಿ ಬಾಗಿಲಲ್ಲೇ ವಾಪಸ್. ಕ್ರಾಸ್ ಹುಂಜ ಅದು, ಬಿಟ್ಟುಬಿಡಿ.

ನಾಪೋಕ್ಲು: 6,000ಕ್ಕೆ ಒಂದು ಹುಂಜವಾ! ನಮ್ಮನೇಲಿ ನಾಟಿ ಹುಂಜ ಮೂರುವರೆ ಕೆಜಿ ತೂಗುತ್ತೆ, ಬಾಲ ನೆಟ್ಟಗೆ ನಿಲ್ಲಿಸಿಕೊಂಡು ಇಡೀ ಲೈನ್ ಮನೆ ನಡುಗಿಸುತ್ತೆ. ಬೇಕಿದ್ರೆ ಫೋಟೋ ಹಾಕ್ತೀನಿ, ಅದಕ್ಕೆ ಎಷ್ಟು ಸಿಗಬಹುದು ಹೇಳಿ.

ಮಡಿಕೇರಿಯ ಹಳೇ ಕೋಳಿಗಾರ: ನಾಪೋಕ್ಲು ಅಣ್ಣಾ, ನಿಮ್ಮ ಹುಂಜಕ್ಕೆ ಅಕ್ಕಿ ರೊಟ್ಟಿ ಜೊತೆ ಒಳ್ಳೇ ಬೆಲೆ ಇದೆ, ಶೋ ಬೇರೆ ಮಾತು.

ಗೋಣಿಕೊಪ್ಪಲಿನವರು ಅರ್ಧ ಸರಿ. ಐದು ಹಲ್ಲು ಅನ್ನೋದು ಅಮೆರಿಕನ್ ಸ್ಟ್ಯಾಂಡರ್ಡ್‌ನಲ್ಲಿ ಇದೆ, ಮುಂದಿನದೂ ಹಿಂದಿನದೂ ಚಿಕ್ಕದು, ನಡುವಿನವು ದೊಡ್ಡವು. ಆದ್ರೆ ಆರನೇದು ಬಂದ್ರೆ ಅಂಕ ಕಡಿಮೆ ಆಗುತ್ತೆ, ಹುಂಜ ಹೊರಗೆ ಹೋಗಲ್ಲ. ಕ್ರಾಸ್ ಅನ್ನೋದಕ್ಕೂ ಅದು ಸಾಕ್ಷಿ ಅಲ್ಲ. ಜುಟ್ಟಿನ ವಿಷಯದಲ್ಲಿ ಹುಂಜವನ್ನ ಹೊರಗೆ ಹಾಕೋದು ಬೇರೆ ದೋಷ, ಮುಖ್ಯವಾಗಿ ಎರಡು. ಒಂದು, ಜುಟ್ಟು ಪಕ್ಕಕ್ಕೆ ಜೋತು ಬಿದ್ದಿರೋದು. ಇನ್ನೊಂದು, ಜುಟ್ಟಿನ ಪಕ್ಕದ ಗೋಡೆಯಿಂದ ಮೊಳಕೆ ತರ ಮುಳ್ಳು ಎದ್ದಿರೋದು. ಈ ಫೋಟೋದಲ್ಲಿ ಜುಟ್ಟು ನೆಟ್ಟಗಿದೆ, ಎಡ ಮುಖ ನುಣುಪಾಗಿದೆ. ಬಲ ಮುಖ ಯಾರು ನೋಡಿದ್ದಾರೆ? ಆ ಆರನೇ ಹಲ್ಲನ್ನ ದೊಡ್ಡದು ಮಾಡಿ ನೋಡಿ, ಕೊನೇ ಹಲ್ಲಿನ ತುದಿ ಸೀಳಿದ ಹಾಗಿದೆ. ನಾನಾದ್ರೆ ಅದನ್ನ ಐದೂವರೆ ಅಂತ ಬರ್ಕೊತೀನಿ.

ಈಗ ಬಾಲ. ನನಗೆ ತಲೆನೋವು ಇದೇ. ಗಂಡಿಗೆ ಬಾಲ ಬೆನ್ನಿನಿಂದ 40 ಡಿಗ್ರಿ ಮೇಲಕ್ಕೆ ಅಂತ ಲೆಕ್ಕ. ಫೋಟೋನ ಮೊದಲು ನೆಟ್ಟಗೆ ಮಾಡ್ಕೊಳ್ಳಿ. ಕಣದ ಅಂಚಿನ ಸಿಮೆಂಟ್ ಕಟ್ಟೆ ಕಾಣ್ತಿದೆಯಲ್ಲ, ಫೋನಿನ ಎಡಿಟ್‌ನಲ್ಲಿ ಅದು ಅಡ್ಡಕ್ಕೆ ಬರೋ ತನಕ ತಿರುಗಿಸಿ. ಆಮೇಲೆ ಮಕ್ಕಳ ಕಂಪಾಸ್ ಬಾಕ್ಸ್‌ನ ಕೋನಮಾಪಕ ಪರದೆ ಮೇಲಿಟ್ಟು ಬೆನ್ನಿನ ಗೆರೆ, ಬಾಲದ ದೊಡ್ಡ ಗರಿಗಳ ಗೆರೆ ಅಳೆಯಿರಿ. ನಾನು ಅಳೆದಾಗ 58 ಬಂತು. ನೋಡಿದ ತಕ್ಷಣ ಎತ್ತರ ಬಾಲ ಅನ್ಸುತ್ತೆ, ಅಲ್ವಾ?

ಆದ್ರೆ ಹುಂಜ ಸರಿಯಾಗಿ ಅಡ್ಡಕ್ಕೆ ನಿಂತಿಲ್ಲ. ಬಾಲದ ಕಡೆ ಕ್ಯಾಮೆರಾಗೆ ಹತ್ತಿರ, ಎದೆ ಆಚೆ ತಿರುಗಿದೆ. ಹಾಗೆ ತಿರುಗಿದಾಗ ಉದ್ದ ಕುಗ್ಗುತ್ತೆ, ಎತ್ತರ ಕುಗ್ಗಲ್ಲ. 45 ಡಿಗ್ರಿ ತಿರುಗಿದ್ರೆ ನಿಜವಾದ 40 ಡಿಗ್ರಿ ಬಾಲ ಚಿತ್ರದಲ್ಲಿ ಸುಮಾರು 50 ಕಾಣುತ್ತೆ. ಇದು ಅಷ್ಟು ತಿರುಗಿಲ್ಲ. ಅಂದ್ರೆ ಹತ್ತು ಡಿಗ್ರಿ ಕಳೆದ್ರೂ 48 ಉಳಿಯುತ್ತೆ, ಇನ್ನೂ ಜಾಸ್ತಿಯೇ. ಉಳಿದಿದ್ದು ಹೆದರಿಕೆ ಇರಬಹುದು. ಒಂದು ಕಾಲು ಅರ್ಧ ಎತ್ತಿದೆ, ಕತ್ತು ಉದ್ದ ಮಾಡಿದೆ, ಗರಿ ಮೈಗೆ ಅಂಟಿದೆ. ಬೆಚ್ಚಿದ ಹುಂಜ ಬಾಲ ಎತ್ತುತ್ತೆ, ಸಮಾಧಾನ ಆದ್ಮೇಲೆ ಇಳಿಸುತ್ತೆ. ಹಾಗಾಗಿ ಇದನ್ನ ದೋಷ ಅಂತ ಈಗಲೇ ಹೇಳಲ್ಲ, ಅನುಮಾನ ಅಂತ ಇಡ್ತೀನಿ. ಅಳಿಲಿನ ಬಾಲದ ಹಾಗೆ 90 ದಾಟಿ ತಲೆ ಕಡೆ ಬಾಗಿದ್ರೆ ಮಾತ್ರ ಯೋಚನೆಯೇ ಬೇಡ, ಹುಂಜ ಹೊರಗೆ.

ಶನಿವಾರಸಂತೆಯ ಅಕ್ಕ: ನಾನು ಹೋದ ವರ್ಷ ಹೀಗೇ ಪಕ್ಕದಿಂದ ತೆಗೆದ ಫೋಟೋ ನೋಡಿ ದುಡ್ಡು ಹಾಕ್ದೆ. ಬಾಲ ಬಿಲ್ಲಿನ ಹಾಗೆ ಬಾಗಿತ್ತು, ಕುಡುಗೋಲಿನ ಹಾಗೆ ಬಗ್ಗಿದ ಆ ಎರಡು ಗರಿ ಹಸಿರು ಮಿಂಚು ಹೊಡೀತಿತ್ತು. ಬುಟ್ಟಿ ಬಿಚ್ಚಿದ್ಮೇಲೆ ಹಿಂದಿನಿಂದ ನೋಡ್ತೀನಿ, ಬಾಲ ಪೂರ್ತಿ ಬಲಕ್ಕೆ ವಾಲಿದೆ, ಗಾಳಿಗೆ ಸಿಕ್ಕ ಬಾಗಿಲ ಹಾಗೆ. ಪಕ್ಕದಿಂದ ಅದು ಗೊತ್ತಾಗೋದೇ ಇಲ್ಲ. ಮಾರಿದವರು "ಗಾಡಿಯಲ್ಲಿ ಒರಗಿ ಹಾಗಾಯ್ತು" ಅಂದ್ರು. ಎರಡು ತಿಂಗಳಾದ್ರೂ ನೆಟ್ಟಗಾಗ್ಲಿಲ್ಲ. ಹಿಂದಿನ ಫೋಟೋ ಕೇಳಿ ತಮ್ಮಾ.

ಗೋಣಿಕೊಪ್ಪಲು: ಒಪ್ತೀನಿ, ಹಲ್ಲಿನ ವಿಷಯ ತಪ್ಪು ಹೇಳಿದೆ. ಆದ್ರೆ ಕತ್ತಿನ ಗರಿ ನೋಡಿ, ಕಿತ್ತಳೆ ಹಣ್ಣಿನ ಬಣ್ಣ. ಒಳ್ಳೇ ರೆಡ್‌ಗೆ ಗಾಢ ಕೆಂಪು ಇರ್ಬೇಕು. ಇದು ಮೊಟ್ಟೆ ತಳಿ ಅಲ್ವಾ?

ಮಡಿಕೇರಿಯ ಹಳೇ ಕೋಳಿಗಾರ: ಆಗಿರಬಹುದು. ಮೊಟ್ಟೆಗೋಸ್ಕರ ಆರಿಸಿ ಆರಿಸಿ ಬೆಳೆಸಿದ ರೆಡ್‌ಗಳು ಬಣ್ಣದಲ್ಲಿ ತಿಳಿಯೇ ಇರುತ್ತವೆ. ಆದ್ರೆ ಬೆಳಗಿನ ಬಿಸಿಲು ಕತ್ತಿಗೇ ಬಿದ್ದಿದೆ. ಬಣ್ಣಾನ ನಿಮ್ಮ ಮನಸ್ಸಿನಲ್ಲಿರೋ ಕೆಂಪಿನ ಜೊತೆ ಹೋಲಿಸಬೇಡಿ, ಅದೇ ಹಕ್ಕಿಯ ಮೈ ಜೊತೆ ಹೋಲಿಸಿ. ಕತ್ತಿನ ಕೆಳಗಡೆ, ಎದೆ ಹತ್ತಿರ, ನೆರಳಿನಲ್ಲಿರೋ ಗರಿ ಹುಡುಕಿ. ಅಲ್ಲಿ ಕತ್ತಿನ ಗರಿ ಎದೆಗಿಂತ ಒಂದು ಚೂರು ತಿಳಿ, ಅಷ್ಟೇ. ಬಿಸಿಲಿನ ಭಾಗದಲ್ಲಿ ಮಾತ್ರ ಕಿತ್ತಳೆ. ಅರ್ಧ ಬಣ್ಣ ಸೂರ್ಯಂದು. ಗಂಡಿನ ಕತ್ತಿನ ಗರಿಯಲ್ಲಿ ಕಪ್ಪು ಚುಕ್ಕೆ ಇರಬಾರದು, ಅದು ಹೆಣ್ಣಿಗೆ ಸಲ್ಲುತ್ತೆ. ಇಲ್ಲಿ ಕಾಣ್ತಿಲ್ಲ. ಗರಿಯ ಬುಡದಲ್ಲಿ ಬೂದು ಇದೆಯಾ ಅನ್ನೋದನ್ನ ಬೆರಳಿನಿಂದ ಬಿಡಿಸಿಯೇ ನೋಡಬೇಕು, ಯಾವ ಫೋಟೋಗೂ ಸಿಗಲ್ಲ.

ನಿಲುವು ಚೆನ್ನಾಗಿದೆ. ಬೆನ್ನು ಉದ್ದ, ಸಪಾಟು, ಮೈ ಇಟ್ಟಿಗೆ ತರ. ಕಾಲಿನ ಬಣ್ಣ ಹೇಳೋಕೆ ಆಗಲ್ಲ, ನಮ್ಮ ಕೆಂಪು ಮಣ್ಣು ಮೆತ್ತಿದೆ. ಮೊಣಕಾಲು ಒಳಕ್ಕೆ ತಾಗುತ್ತಾ ಅಂತ ಎದುರಿನಿಂದಲೇ ಗೊತ್ತಾಗೋದು. ಇಷ್ಟಕ್ಕೆ ನಾನು 6,000 ಕೊಡಲ್ಲ, ಬೇಡವೂ ಅನ್ನಲ್ಲ. ಹಕ್ಕಿಯ ಕಣ್ಣಿನ ಮಟ್ಟದಲ್ಲಿ ಕೂತು, ನೆರಳಿನಲ್ಲಿ, ಎರಡೂ ಪಕ್ಕ, ಎದುರು, ಹಿಂದೆ ಅಂತ ನಾಲ್ಕು ಫೋಟೋ ಕೇಳಿ. ಹುಂಜ ಬಿಟ್ಟು ಐದು ನಿಮಿಷ ಆದ್ಮೇಲೆ ತೆಗೀಲಿ. ಯಾವ ಸ್ಟ್ಯಾಂಡರ್ಡ್‌ಗೆ ಶೋ ಕ್ವಾಲಿಟಿ ಅಂತಾನೂ ಕೇಳಿ, ಬ್ರಿಟಿಷ್‌ದು ಅಮೆರಿಕದ್ದು ಎರಡೂ ಒಂದೇ ಅಲ್ಲ.

ಸಿದ್ದಾಪುರ: ಅಡ್ವಾನ್ಸ್ ಕೊಟ್ಟಿಲ್ಲ. ಕೇಳಿದ್ದಕ್ಕೆ ಎರಡು ಕಳಿಸಿದ್ರು. ಹಿಂದಿನಿಂದ ಬಾಲ ನೆಟ್ಟಗಿದೆ. ನೆರಳಿನಲ್ಲಿ ಅಳೆದ್ರೆ 46 ಬಂತು. ಬಲಗಡೆಯ ಫೋಟೋದಲ್ಲಿ ಜುಟ್ಟಿನ ಬುಡದ ಹತ್ತಿರ ಎಳ್ಳಿನಷ್ಟು ಉಬ್ಬು ಇದೆ. ಮಾರುವವರು ಇನ್ನೊಂದು ಹುಂಜ ಕುಕ್ಕಿದ ಗಾಯ ಅಂತಿದ್ದಾರೆ.

ಗೋಣಿಕೊಪ್ಪಲು: ಗಾಯವೇ. ತುದಿ ಕಪ್ಪಗಿದೆ ನೋಡಿ.

ಮಡಿಕೇರಿಯ ಹಳೇ ಕೋಳಿಗಾರ: ಗಾಯದ ಹಕ್ಕಳೆ ಆದ್ರೆ ಎರಡು ಮೂರು ವಾರದಲ್ಲಿ ಉದುರಬೇಕು. ಮೊಳಕೆ ಆದ್ರೆ ಅಲ್ಲೇ ಇರುತ್ತೆ, ಹತ್ತು ತಿಂಗಳ ಹುಂಜಕ್ಕೆ ಇನ್ನೂ ಸ್ವಲ್ಪ ಬೆಳೀಲೂಬಹುದು. ನನಗೆ ಮೊಳಕೆ ಅನ್ಸುತ್ತೆ.

ಶನಿವಾರಸಂತೆಯ ಅಕ್ಕ: ಹಾಗಾದ್ರೆ ಮೂರು ವಾರ ಕಾಯಿರಿ. ಅಷ್ಟು ದಿನ ಇಟ್ಟುಕೊಳ್ಳಲ್ಲ ಅಂದ್ರೆ ಯಾಕೆ ಅಂತ ಕೇಳಿ.