ಸಹಾಯ ಬೇಕು: ಕ್ರೆಡಿಟ್ ನೋಟ್ ಮೊತ್ತವನ್ನು ಮುಂದಿನ ಬಿಲ್ಲಿಗೆ ಹೊಂದಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಗ್ರಾಹಕರೊಬ್ಬರಿಗೆ ಕಳುಹಿಸಿದ 200 ಪೆಟ್ಟಿಗೆ ಸರಕಿಗೆ 420 ರೂಪಾಯಿಯ ಬದಲು 450ರ ದರದಲ್ಲಿ ಬಿಲ್ ಆಗಿದ್ದರಿಂದ, ವ್ಯತ್ಯಾಸದ 6,000 ರೂಪಾಯಿಗೆ ಶೇ. 18ರ ಜಿಎಸ್‌ಟಿ 1,080 ಸೇರಿಸಿ, ಮೂಲ ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ ನಮೂದಿಸಿ, 7,080 ರೂಪಾಯಿಯ ಕ್ರೆಡಿಟ್ ನೋಟ್ ಕೊಟ್ಟಿದ್ದೇವೆ. ಈ ವ್ಯತ್ಯಾಸವನ್ನು ಮುಂದಿನ ಬಿಲ್ಲಿನ ತೆರಿಗೆ ಹಾಕುವ ಮೌಲ್ಯದಲ್ಲೇ ಕಳೆಯಬೇಕೆಂದು ಅವರು ಒತ್ತಾಯಿಸುತ್ತಿದ್ದಾರೆ. ಹಾಗೆ ಮಾಡಿದರೆ ಜಿಎಸ್‌ಟಿಆರ್-1ರಲ್ಲಿ ಅದೇ ತೆರಿಗೆ ಎರಡು ಬಾರಿ ಕಡಿಮೆಯಾಗುತ್ತದೆ. ಆದ್ದರಿಂದ 59,000 ರೂಪಾಯಿಯ ಹೊಸ ಬಿಲ್ಲನ್ನು ಪೂರ್ಣ ಮೊತ್ತಕ್ಕೇ ಕೊಟ್ಟು, ಪಾವತಿಯಲ್ಲಿ ಮಾತ್ರ ಹೊಂದಿಸಿಕೊಂಡು 51,920 ಪಡೆಯುವುದೇ ಸರಿಯೆಂಬುದು ನನ್ನ ಖಚಿತ ಅಭಿಪ್ರಾಯ. ಅವರು ಈಗಾಗಲೇ ಪಡೆದಿರುವ ಇನ್‌ಪುಟ್ ತೆರಿಗೆ ಕ್ರೆಡಿಟ್‌ನಲ್ಲಿ 1,080 ಹಿಂದಿರುಗಿಸಬೇಕೆಂಬುದನ್ನೂ ಸೇರಿಸಿ, ಇದನ್ನೆಲ್ಲ ಸೌಜನ್ಯದಿಂದ ತಿಳಿಸುವ ಪತ್ರದ ಮಾದರಿ ಯಾರಲ್ಲಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.